ಉತ್ತರ ಬೆಂಗಳೂರಿನ ಶಾಸನಪ್ರಿಯರಿಗೆ: ನಿಮ್ಮ ಚಿತ್ರಮಾಲೆಗೆ ಸರಿಯಾದ ಹೆಸರಿಡಿ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಸುತ್ತಮುತ್ತ ಶಾಸನ, ವೀರಗಲ್ಲು, ಹಳೆಯ ಕೆರೆ, ಗುಡಿಗಳನ್ನು ಹುಡುಕಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಿರುವ ಎಲ್ಲ ಗೆಳೆಯರೇ,

ನಿಮ್ಮ ಪೋಸ್ಟ್‌ಗಳನ್ನು ನಾನು ತಪ್ಪದೆ ನೋಡುತ್ತೇನೆ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೋಗಿ, ಓರೆ ಬೆಳಕಿನಲ್ಲಿ ಅಕ್ಷರ ಕಾಣುವಂತೆ ಚಿತ್ರ ತೆಗೆದು, ಪಾಠ ಓದಿ, ಅರ್ಥ ಬರೆದು, ಎಂಟೋ ಹತ್ತೋ ಚಿತ್ರಗಳ ಕ್ಯಾರೋಸೆಲ್ ಮಾಡುತ್ತೀರಿ. ಅಷ್ಟು ದುಡಿಮೆಯ ಕೆಳಗೆ ಅಡಿಬರಹವಾಗಿ ಬರುವುದು ‘ನಮ್ಮೂರಿನ ಹೆಮ್ಮೆ, ಸ್ವೈಪ್ ಮಾಡಿ’ ಎಂಬ ಒಂದು ಸಾಲು, ಜೊತೆಗೆ `#bengaluru #india #history` ಎಂಬಂಥ ಗುಂಪು. ಆ ಕಲ್ಲಿನ ಬಗ್ಗೆಯೇ ತಿಳಿಯಬೇಕೆಂದು ಹುಡುಕುವವನಿಗೆ ನಿಮ್ಮ ಪೋಸ್ಟ್ ಸಿಗುವುದಿಲ್ಲ. ಈ ಪತ್ರ ಅದೊಂದರ ಬಗ್ಗೆ. ಹೆಚ್ಚು ಜನರನ್ನು ಸೇರಿಸುವುದು ಹೇಗೆ ಎಂಬುದಕ್ಕಿಂತ, ನಿಮ್ಮನ್ನೇ ಹುಡುಕುತ್ತಿರುವ ಕೆಲವೇ ಜನರಿಗೆ ನೀವು ಸಿಗುವುದು ಹೇಗೆ ಎಂಬುದು ನನ್ನ ವಿಷಯ.

ಮೊದಲು ಹ್ಯಾಷ್‌ಟ್ಯಾಗಿನ ಈಗಿನ ಸ್ಥಿತಿ ಹೇಳಿಬಿಡುತ್ತೇನೆ. ಒಂದು ಪೋಸ್ಟಿಗೆ 30 ಹ್ಯಾಷ್‌ಟ್ಯಾಗ್ ಹಾಕಬಹುದಾಗಿದ್ದ ಕಾಲದ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ. ಹ್ಯಾಷ್‌ಟ್ಯಾಗನ್ನೇ ಫಾಲೋ ಮಾಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಮ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. 2025ರ ಕೊನೆಗೆ ಮಿತಿಯನ್ನೂ 5ಕ್ಕೆ ಇಳಿಸಿತು. ಹ್ಯಾಷ್‌ಟ್ಯಾಗ್‌ನಿಂದ ಪೋಸ್ಟಿನ ವ್ಯಾಪ್ತಿ ಅಷ್ಟೇನೂ ಹೆಚ್ಚುವುದಿಲ್ಲ ಎಂದು ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಂ ಮೊಸ್ಸೆರಿ ಹಲವು ಸಲ ಹೇಳಿದ್ದಾರೆ. ಹಾಗಾದರೆ ಅದು ಬೇಡವೇ? ಬೇಕು, ಆದರೆ ಪೋಸ್ಟ್ ಯಾವ ವಿಷಯಕ್ಕೆ ಸೇರಿದ್ದು ಎಂದು ಗುರುತಿಸುವಷ್ಟಕ್ಕೆ ಮಾತ್ರ. ಹುಡುಕಾಟದಲ್ಲಿ ಸಿಗುವಂತೆ ಮಾಡುವ ಹೆಚ್ಚಿನ ಕೆಲಸ ಈಗ ಅಡಿಬರಹದ ವಾಕ್ಯಗಳದ್ದು. ಹುಡುಕಾಟದಲ್ಲಿ ಸಿಗಬೇಕಾದರೆ ಕೀವರ್ಡ್ ಮತ್ತು ಹ್ಯಾಷ್‌ಟ್ಯಾಗ್ ಎರಡೂ ಅಡಿಬರಹದಲ್ಲಿರಲಿ, ಕಾಮೆಂಟಿನಲ್ಲಿ ಅಲ್ಲ ಎಂದು ಕಂಪನಿಯೇ 2021ರಲ್ಲಿ ತಿಳಿಸಿತ್ತು. ಚೆಂದ ಕಾಣಲೆಂದು ಹ್ಯಾಷ್‌ಟ್ಯಾಗ್‌ಗಳನ್ನು ಮೊದಲ ಕಾಮೆಂಟಿಗೆ ತಳ್ಳುವವರು ದಯವಿಟ್ಟು ಅದನ್ನು ಬಿಡಿ.

ಈಗ ಒಂದೇ ಒಂದು ಕಲ್ಲನ್ನು ಹಿಡಿದು ಮಾತಾಡೋಣ. ನಮ್ಮೆಲ್ಲರಿಗೂ ಗೊತ್ತಿರುವ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು. 2018ರಲ್ಲಿ ಬೆಳಕಿಗೆ ಬಂತು. ಕಾಲ ಸುಮಾರು ಕ್ರಿ.ಶ. 750, ಗಂಗರ ಶ್ರೀಪುರುಷನ ಆಳ್ವಿಕೆ. ಪೆರ್ಬೊಳಲ್‌ನಾಡು ಮೂವತ್ತನ್ನು ಪೆಳ್ನಗತ್ತರಸ ಆಳುತ್ತಿದ್ದಾಗ ನಡೆದ ಕಾಳಗದಲ್ಲಿ ಕಿತ್ತಯ್ಯ ಮಡಿದದ್ದನ್ನು ಅದು ಹೇಳುತ್ತದೆ. ದಾಳಿ ರಾಷ್ಟ್ರಕೂಟರದ್ದು ಎಂದು ವಿದ್ವಾಂಸರು ಓದಿದ್ದಾರೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನವೆಂದು ಅದಕ್ಕೆ ಹೆಸರು. ‘ಬೆಂಗಳೂರು’ ಎಂಬ ಹೆಸರು ಬರುವ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿಗಿಂತ ಒಂದೂಕಾಲು ಶತಮಾನಕ್ಕೂ ಹಿಂದಿನದು. ಊರವರೂ ಶಾಸನಾಸಕ್ತರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು.

ಇದನ್ನು ಯಾರು ಹುಡುಕುತ್ತಾರೆ? ಅಡಿಬರಹ ಬರೆಯುವ ಮೊದಲು ಈ ಪ್ರಶ್ನೆಯನ್ನೂ ಅವರು ಹುಡುಕುವ ಪದಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ಕಲ್ಲಿನ ಮಟ್ಟಿಗೆ ನನಗೆ ಮೂವರು ಕಾಣುತ್ತಾರೆ. ಹೆಬ್ಬಾಳದಲ್ಲೇ ಮನೆ ಮಾಡಿಕೊಂಡು, ಮಂಟಪದಲ್ಲಿರುವ ಆ ಕಲ್ಲೇನೆಂದು ತಿಳಿಯಬಯಸುವವರು ಒಬ್ಬರು. ಅವರು ಬಹುಶಃ `hebbal veeragallu` ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಾಡಿಸುತ್ತಾರೆ, ಯಾಕೆಂದರೆ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಗೆ ಹೊರಳುವಷ್ಟು ತಾಳ್ಮೆ ಕನ್ನಡಿಗರಲ್ಲೂ ಹಲವರಿಗೆ ಇಲ್ಲ. ಶಾಲೆಯ ಪ್ರಾಜೆಕ್ಟಿಗೆ ಕೂತ ಮಗು, ಇಲ್ಲವೇ ಅದರ ಅಪ್ಪ ಅಮ್ಮ, ಎರಡನೆಯವರು: `oldest kannada inscription in bangalore`. ವೀರಗಲ್ಲುಗಳನ್ನೇ ಅಭ್ಯಾಸ ಮಾಡುವ, ಕನ್ನಡ ಬಾರದಿರಬಹುದಾದ ಸಂಶೋಧಕರು ಮೂರನೆಯವರು: `ganga hero stone`. ಕನ್ನಡದಲ್ಲೇ ‘ವೀರಗಲ್ಲು’ ಎಂದು ಹುಡುಕುವವರೂ ಇದ್ದಾರೆ, ಅವರೇ ನಿಮ್ಮ ಅತ್ಯಂತ ನಿಷ್ಠಾವಂತ ಓದುಗರು. ‘ನಮ್ಮೂರಿನ ಹೆಮ್ಮೆ’ ಎಂದು ಯಾರೂ ಹುಡುಕುವುದಿಲ್ಲ.

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಇಂಗ್ಲಿಷಿನವರಿಗಾಗಿ ಬರೆದ ಯಾವ ಸಲಹೆಯಲ್ಲೂ ಇದು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ನಾಮಪದಗಳು ವಾಕ್ಯದಲ್ಲಿ ಬಂದಾಗ ವಿಭಕ್ತಿ ಹಚ್ಚಿಕೊಂಡು ರೂಪ ಬದಲಿಸುತ್ತವೆ. ‘ಹೆಬ್ಬಾಳ’ ಎಂಬುದು ‘ಹೆಬ್ಬಾಳದಲ್ಲಿ’ ಆದಾಗ ಮೂಲ ಪದ ಹಾಗೇ ಮೊದಲಲ್ಲಿ ಉಳಿಯುತ್ತದೆ, ಹುಡುಕುವ ಯಂತ್ರ ಅದನ್ನು ಹೇಗಾದರೂ ಹಿಡಿದೀತು. ‘ಶಾಸನ’, ‘ಕೆರೆ’, ‘ಗುಡಿ’ ಇವುಗಳ ಕಥೆಯೂ ಅದೇ. ಆದರೆ ‘ಉ’ಕಾರದಲ್ಲಿ ಮುಗಿಯುವ ಹಲವು ಪದಗಳು ಹಾಗಲ್ಲ. ‘ವೀರಗಲ್ಲು’ ಎಂಬುದು ‘ವೀರಗಲ್ಲಿನ’, ‘ವೀರಗಲ್ಲಿಗೆ’ ಆದ ಕೂಡಲೇ ಕೊನೆಯ ಅಕ್ಷರವೇ ಬೇರೆಯಾಯಿತು. ‘ಬೆಂಗಳೂರು’ ಎಂಬುದು ‘ಬೆಂಗಳೂರಿನ’ ಆಯಿತು. ಮನುಷ್ಯನಿಗೆ ಎರಡೂ ಒಂದೇ. ಅಕ್ಷರಗಳನ್ನು ಸಾಲಾಗಿ ಹೋಲಿಸಿ ನೋಡುವ ಯಂತ್ರಕ್ಕೆ ‘ವೀರಗಲ್ಲಿನ’ ಒಳಗೆ ‘ವೀರಗಲ್ಲು’ ಇಲ್ಲ. ಇಂಗ್ಲಿಷಿನ ಏಕವಚನ ಬಹುವಚನಗಳನ್ನು ಒಂದೆಂದು ಬಗೆಯಲು ಕಲಿತಷ್ಟು ಚೆನ್ನಾಗಿ ಕನ್ನಡದ ವಿಭಕ್ತಿಗಳನ್ನು ಬಿಡಿಸಲು ಅದು ಕಲಿತಿದೆ ಎಂದು ನಂಬಿ ಕೂರುವುದು ಬೇಡ.

ಪರಿಹಾರ ಸುಲಭ. ಮುಖ್ಯವಾದ ಎರಡು ಮೂರು ಪದಗಳು ಅಡಿಬರಹದಲ್ಲಿ ಒಮ್ಮೆಯಾದರೂ ವಿಭಕ್ತಿಯಿಲ್ಲದೆ, ಮೂಲ ರೂಪದಲ್ಲಿ ಬರಲಿ. ‘ಹೆಬ್ಬಾಳದ ವೀರಗಲ್ಲಿನ ಬಗ್ಗೆ ಒಂದಿಷ್ಟು’ ಎಂದು ಶುರು ಮಾಡುವ ಬದಲು ‘ಇದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು’ ಎಂದು ಶುರು ಮಾಡಿ. ಎರಡನೆಯದು ಓದಲೂ ಗಟ್ಟಿಯಾಗಿದೆ, ಹುಡುಕುವವನಿಗೂ ಸಿಗುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ತೊಡಕು ಬೇರೆ: ಒಂದೇ ಹೆಸರಿಗೆ ಹಲವು ಕಾಗುಣಿತ. ನಮ್ಮ ಯಶವಂತಪುರವನ್ನೇ ನೋಡಿ. ರೈಲ್ವೆಯವರದು `Yesvantpur`, ಅಂಗಡಿ ಬೋರ್ಡುಗಳಲ್ಲಿ `Yeshwanthpur`, `Yeshwantpur`, `Yeswanthpur`. ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ `Bengaluru` ಆಯಿತಾದರೂ `Bangalore` ಎಂದು ಹುಡುಕುವವರು ಬೇಕಾದಷ್ಟಿದ್ದಾರೆ. ಎಲ್ಲ ಕಾಗುಣಿತವನ್ನೂ ತುರುಕಿದರೆ ಅಡಿಬರಹ ಕಸದ ರಾಶಿಯಂತೆ ಕಾಣುತ್ತದೆ. ಹೆಚ್ಚು ಬಳಕೆಯ ಎರಡನ್ನು ಸಹಜವಾಗಿ ಬರುವಂತೆ ಬರೆಯಿರಿ, ಒಂದನ್ನು ವಾಕ್ಯದಲ್ಲಿ, ಇನ್ನೊಂದನ್ನು ಹ್ಯಾಷ್‌ಟ್ಯಾಗಿನಲ್ಲಿ.

ಇಷ್ಟನ್ನು ಇಟ್ಟುಕೊಂಡು ಕಿತ್ತಯ್ಯನ ಪೋಸ್ಟಿನ ಮೊದಲ ಸಾಲುಗಳನ್ನು ಬರೆದರೆ ಹೀಗಾಗುತ್ತದೆ:

```
ಇದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರ ಕನ್ನಡ ಶಾಸನ.
Kittayya veeragallu (hero stone), Hebbal, Bangalore.
```

ಅಡಿಬರಹಕ್ಕೆ 2,200 ಅಕ್ಷರಗಳ ಜಾಗವಿದ್ದರೂ ಪರದೆಯ ಮೇಲೆ ಮೊದಲಿಗೆ ಕಾಣುವುದು ಸುಮಾರು 125 ಅಕ್ಷರ. ಉಳಿದದ್ದು ‘ಇನ್ನಷ್ಟು’ ಒತ್ತಿದ ಮೇಲೆ. ಅದಕ್ಕೇ ಕಲ್ಲಿನ ಹೆಸರು, ಊರು, ಕಾಲ ಮೂರೂ ಮೊದಲ ಸಾಲಿನಲ್ಲೇ ಮುಗಿಯಬೇಕು. ಅದರ ಕೆಳಗೆ ನಿಮ್ಮ ಕಥೆ ಶುರುವಾಗಲಿ: ಶ್ರೀಪುರುಷ, ಪೆಳ್ನಗತ್ತರಸ, ಪೆರ್ಬೊಳಲ್‌ನಾಡು, ಗಂಗರು, ರಾಷ್ಟ್ರಕೂಟರು. ಈ ಹೆಸರುಗಳನ್ನು ‘ಆ ಕಾಲದ ರಾಜ’, ‘ಶತ್ರುಗಳು’ ಎಂದು ಸರಳ ಮಾಡಿಬಿಡಬೇಡಿ. ಕಡಿಮೆ ಜನ ಹುಡುಕುವ ಹೆಸರೇ ನಮ್ಮಂಥ ವಿಷಯಕ್ಕೆ ದೊಡ್ಡ ಬಲ. ‘ಪೆರ್ಬೊಳಲ್‌ನಾಡು’ ಎಂದು ತಿಂಗಳಿಗೆ ಒಬ್ಬರು ಹುಡುಕಿದರೂ ಆ ಒಬ್ಬರಿಗೆ ನಿಮ್ಮದೇ ಸಿಗುತ್ತದೆ, ಮತ್ತು ಆ ಒಬ್ಬರು ನಿಮಗೆ ತಿಳಿಯದ್ದನ್ನು ತಿಳಿಸಬಲ್ಲವರು. ಯಲಹಂಕದ ಕಡೆಯವರು ಇನ್ನೊಂದನ್ನು ನೆನಪಿಡಿ: ಚೋಳರ ಕಾಲದ ತಮಿಳು ಶಾಸನಗಳಲ್ಲಿ ಯಲಹಂಕನಾಡು ಇಲೈಪಾಕ್ಕನಾಡು ಎಂದು ಬರುತ್ತದೆ. ತಮಿಳು ಶಾಸನಗಳನ್ನು ಓದುವವರು ಆ ಹೆಸರನ್ನೇ ಹುಡುಕುವುದು. ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾಗಿರುವ ಶಾಸನವಾದರೆ ಸಂಪುಟ ಮತ್ತು ಶಾಸನ ಸಂಖ್ಯೆಯನ್ನು ಹಾಕಿ. ಬೆಂಗಳೂರು ಜಿಲ್ಲೆಯದು ಬಿ.ಎಲ್. ರೈಸ್ 1905ರಲ್ಲಿ ಹೊರತಂದ 9ನೆಯ ಸಂಪುಟ. ಸಂಶೋಧಕರಿಗೆ ಅದಕ್ಕಿಂತ ಖಚಿತವಾದ ಕೀವರ್ಡ್ ಇಲ್ಲ.

2025ರ ಜುಲೈನಿಂದ ಸಾರ್ವಜನಿಕ ವೃತ್ತಿಪರ ಖಾತೆಗಳ ಪೋಸ್ಟ್‌ಗಳು ಗೂಗಲ್ ಹುಡುಕಾಟದಲ್ಲೂ ಬರಲು ಅವಕಾಶವಾಗಿದೆ. ಅಂದರೆ ಈ ಹೆಸರುಗಳು ಇನ್‌ಸ್ಟಾಗ್ರಾಮ್ ಬಳಸದ ನಿವೃತ್ತ ಇತಿಹಾಸ ಮೇಷ್ಟ್ರಿಗೂ ನಿಮ್ಮನ್ನು ತಲುಪಿಸಬಹುದು. ನಿಮ್ಮದು ಖಾಸಗಿ ಖಾತೆಯಾಗಿದ್ದರೆ ಈ ಪತ್ರದ ಯಾವ ಮಾತೂ ನಿಮಗೆ ನೆರವಾಗದು.

ಹ್ಯಾಷ್‌ಟ್ಯಾಗಿಗೆ ಬರೋಣ. ಐದೇ ಇವೆ. `#bengaluru` ಹಾಕಿದ ಪೋಸ್ಟ್ ಯಶವಂತಪುರ ಎಪಿಎಂಸಿ ಯಾರ್ಡಿನ ಈರುಳ್ಳಿ ಲಾರಿಗಳ ನಡುವೆ ಇಟ್ಟ ಒಂದು ಕಟ್ಟು ಕೊತ್ತಂಬರಿ. ನಿಮಿಷಗಳಲ್ಲಿ ಹೊಸ ಪೋಸ್ಟ್‌ಗಳು ಮೇಲೆ ಬಂದು ಬೀಳುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ನೀವು ಯಾರಿಗಾಗಿ ಬರೆದಿದ್ದೀರಿ ಎಂಬ ಸುಳಿವು ಆ ಪದದಿಂದ ಯಂತ್ರಕ್ಕೂ ಸಿಗುವುದಿಲ್ಲ. ಬರೀ `#hebbal` ಅಥವಾ `#yelahanka` ಕೂಡ ನಮ್ಮ ಪಾಲಿಗೆ ಅಷ್ಟೇ: ಅಲ್ಲಿ ಕಾಣುವುದು ಮಾರಾಟಕ್ಕಿರುವ ಫ್ಲ್ಯಾಟುಗಳು, ಮೇಲ್ಸೇತುವೆಯ ಟ್ರಾಫಿಕ್ಕು, ಏರ್ ಶೋ ಬಂದಾಗ ವಿಮಾನಗಳು. ಮೈಸೂರಿನಲ್ಲೂ ಒಂದು ಹೆಬ್ಬಾಳವಿದೆ ಎಂಬುದನ್ನು ಮರೆಯಬೇಡಿ.

ಒಂದು ಹ್ಯಾಷ್‌ಟ್ಯಾಗ್ ನಿಮಗೆ ಹೊಂದುತ್ತದೆಯೇ ಎಂದು ತಿಳಿಯಲು ನಾನು ನೆಚ್ಚುವ ಪರೀಕ್ಷೆ ಒಂದೇ. ಅದನ್ನು ಹುಡುಕಿ ತೆರೆಯಿರಿ, ಮೊದಲ ಪರದೆಯಲ್ಲಿ ಬರುವ ಒಂಬತ್ತು ಚಿತ್ರ ನೋಡಿ. ಅವುಗಳ ನಡುವೆ ನಿಮ್ಮ ಕಲ್ಲು ಕೂತರೆ ಒಪ್ಪುತ್ತದೆ ಅನ್ನಿಸಿದರೆ ಇಟ್ಟುಕೊಳ್ಳಿ. ಮದುವೆ ಫೋಟೊ, ಜಿಮ್ಮು, ಬಾಡಿಗೆ ಮನೆ ಕಂಡರೆ ಬಿಡಿ. ಪೋಸ್ಟ್‌ಗಳ ಸಂಖ್ಯೆಯನ್ನೂ ಗಮನಿಸಿ. ಲಕ್ಷಗಟ್ಟಲೆ ಇದ್ದರೆ ಮುಳುಗುತ್ತೀರಿ, ಎರಡೋ ಮೂರೋ ಇದ್ದರೆ ಅತ್ತ ಯಾರೂ ಬರುತ್ತಿಲ್ಲ. ನೂರರಿಂದ ಕೆಲವು ಸಾವಿರದವರೆಗೆ ಇರುವವು ಶಾಸನದಂಥ ವಿಷಯಕ್ಕೆ ಸರಿ ಎಂಬುದು ನನ್ನ ಅಭಿಪ್ರಾಯ. ಏಕವಚನ ಬಹುವಚನಗಳು ಬೇರೆ ಬೇರೆ ಪುಟಗಳು: `#herostone` ಮತ್ತು `#herostones` ಎರಡನ್ನೂ ತೆರೆದು ನೋಡಿ, ಜನ ಹೆಚ್ಚಿರುವುದನ್ನು ಆರಿಸಿ. ಕಿತ್ತಯ್ಯನಿಗೆ ನಾನು ಹಾಕುವುದು ಹೆಚ್ಚುಕಡಿಮೆ ಹೀಗಿದ್ದೀತು:

```
#ವೀರಗಲ್ಲು #herostone #kannadainscription #bengaluruhistory #hebbalkittayya
```

ಮೊದಲನೆಯದು ಕನ್ನಡದಲ್ಲಿ ವಸ್ತುವಿನ ಹೆಸರು. ಎರಡನೆಯದು ಅದೇ ವಸ್ತು, ಹೊರಗಿನವರಿಗೆ. ಮೂರನೆಯದು ಅದು ಸೇರುವ ಅಧ್ಯಯನ. ನಾಲ್ಕನೆಯದು ಐದರಲ್ಲಿ ಅತಿ ಅಗಲವಾದದ್ದು, ನಗರದ ಇತಿಹಾಸವನ್ನು ಹವ್ಯಾಸಕ್ಕೆ ಓದುವವರಿಗಾಗಿ. ಐದನೆಯದನ್ನು ಇಂದು ಯಾರೂ ಹುಡುಕದಿರಬಹುದು, ಆದರೆ ಈ ಕಲ್ಲಿನ ಬಗ್ಗೆ ಬರೆಯುವ ನಾವೆಲ್ಲ ಅದೊಂದೇ ಕಾಗುಣಿತ ಬಳಸಿದರೆ ಎಲ್ಲರ ಚಿತ್ರಗಳೂ ಒಂದೆಡೆ ಸೇರುತ್ತವೆ. ಕನ್ನಡದಲ್ಲಿ ಬರೀ `#ಶಾಸನ` ಹಾಕುವುದನ್ನು ನಾನು ಒಪ್ಪುವುದಿಲ್ಲ. ವಿಧಾನಸೌಧದ ಕಾಯ್ದೆ ಕಾನೂನಿನ ಸುದ್ದಿಗೂ ಅದೇ ಪದ. `#ಶಿಲಾಶಾಸನ` ವಾಸಿ.

ಕನ್ನಡ ಹ್ಯಾಷ್‌ಟ್ಯಾಗಿನಲ್ಲಿ ಕಣ್ಣಿಗೆ ಬೀಳದ ಒಂದು ದೋಷವಿದೆ, ಆರ್.ಟಿ. ನಗರದ ಗೆಳೆಯರಿಗೆ ಅದು ಚೆನ್ನಾಗಿ ಗೊತ್ತಿರಬೇಕು. `#ಆರ್.ಟಿ.ನಗರ` ಎಂದು ಬರೆದರೆ ಚುಕ್ಕಿ ಬಂದಲ್ಲಿಗೆ ಹ್ಯಾಷ್‌ಟ್ಯಾಗ್ ಮುಗಿದು, ಬರೀ ‘ಆರ್’ ಉಳಿಯುತ್ತದೆ. ಚುಕ್ಕಿ ತೆಗೆದು ಸೇರಿಸಿ ಬರೆದರೆ ರ್ ಮತ್ತು ಟಿ ಕೂಡಿಕೊಂಡು ‘ಆರ್ಟಿನಗರ’ ಆಗುತ್ತದೆ. ಹಾಗೆ ಕೂಡದಂತೆ ತಡೆಯಲು ಕೀಲಿಮಣೆ ನಡುವೆ ಕಾಣದ ಅಕ್ಷರವೊಂದನ್ನು ಸೇರಿಸುತ್ತದೆ. ಅದರ ಯೂನಿಕೋಡ್ ಸಂಖ್ಯೆ `U+200C`. ಕಣ್ಣಿಗೆ ಬರಹ ಸರಿಯಾಗೇ ಕಂಡರೂ ಆ ಅಕ್ಷರವಿರುವ ಬರಹ, ಇಲ್ಲದ ಬರಹ ಯಂತ್ರಕ್ಕೆ ಎರಡು ಬೇರೆ ಪದಗಳಾಗಬಹುದು, ಕೊಂಡಿ ಅರ್ಧಕ್ಕೇ ತುಂಡಾಗಲೂಬಹುದು. ಪೋಸ್ಟ್ ಹಾಕಿದ ಮೇಲೆ ಬಣ್ಣ ನೋಡಿ: ಹ್ಯಾಷ್‌ಟ್ಯಾಗಿನ ಬಣ್ಣ ಪದದ ಕೊನೆಯವರೆಗೂ ಹರಿದಿದೆಯೇ? ನಡುವೆ ನಿಂತಿದ್ದರೆ ಅದು ಮುರಿದಿದೆ. ಇಂಥ ಹೆಸರುಗಳಿಗೆ `#rtnagar` ಎಂದು ಬರೆದು, ಕನ್ನಡದ ಹೆಸರನ್ನು ವಾಕ್ಯದಲ್ಲಿ ಚುಕ್ಕಿಯೊಡನೆ ಬರೆಯುವುದೇ ಕ್ಷೇಮ. ‘ವೀರಗಲ್ಲು’, ‘ಶಿಲಾಶಾಸನ’, ‘ಯಲಹಂಕ’ ಮೊದಲಾದವುಗಳಲ್ಲಿ ಆ ಕಾಣದ ಅಕ್ಷರಕ್ಕೆ ಜಾಗವೇ ಇಲ್ಲದ್ದರಿಂದ ಚಿಂತೆಯಿಲ್ಲ.

ಕ್ಯಾರೋಸೆಲ್‌ಗೇ ಸಂಬಂಧಿಸಿದ ಇನ್ನೊಂದು ಮಾತು. 2024ರಿಂದ 20 ಚಿತ್ರಗಳವರೆಗೆ ಹಾಕಬಹುದಾಗಿದೆ, ಅದಕ್ಕೇ ಒಂದೇ ಪೋಸ್ಟಿನಲ್ಲಿ ಹೆಬ್ಬಾಳ, ಯಲಹಂಕ, ಬೇಗೂರು ಮೂರನ್ನೂ ಸೇರಿಸುವ ಆಸೆಯಾಗುತ್ತದೆ. ಚಿತ್ರ ಇಪ್ಪತ್ತಾದರೂ ಅಡಿಬರಹ ಒಂದೇ, ಸ್ಥಳದ ಗುರುತು ಒಂದೇ, ಹ್ಯಾಷ್‌ಟ್ಯಾಗ್ ಐದೇ. ಮೂರು ಊರಿನ ಕಲ್ಲುಗಳು ಅವನ್ನು ಹಂಚಿಕೊಂಡರೆ ಯಾವುದಕ್ಕೂ ಸಾಲುವುದಿಲ್ಲ. ಒಂದು ಕಲ್ಲಿಗೆ ಒಂದು ಕ್ಯಾರೋಸೆಲ್ ಮಾಡಿ: ಇಡೀ ಕಲ್ಲು, ಬಿಡಿ ಭಾಗ, ಪಾಠ, ಅರ್ಥ, ಕಾಲ, ಈಗಿನ ಸ್ಥಿತಿ. ಪಾಠವನ್ನೂ ಅರ್ಥವನ್ನೂ ಚಿತ್ರದ ಮೇಲೆ ಬರೆಯುವವರು ಅದರ ಸಾರವನ್ನು ಅಡಿಬರಹದಲ್ಲೂ ಬರೆಯಬೇಕು. ಚಿತ್ರದೊಳಗಿನ ಕನ್ನಡ ಅಕ್ಷರಗಳನ್ನು ಹುಡುಕಾಟ ಓದುತ್ತದೆಂದು ನೆಚ್ಚುವಂತಿಲ್ಲ. ಪ್ರತಿ ಚಿತ್ರಕ್ಕೂ ಬೇರೆ ಬೇರೆಯಾಗಿ ಬದಲಿ ಪಠ್ಯ ಬರೆಯಲು ಸುಧಾರಿತ ಸೆಟ್ಟಿಂಗ್‌ನಲ್ಲಿ ಜಾಗವಿದೆ. ‘ಕಿತ್ತಯ್ಯನ ವೀರಗಲ್ಲು, ಆಯುಧ ಹಿಡಿದ ವೀರ’ ಎಂದು ಬರೆದರೆ ಕಣ್ಣು ಕಾಣದ ಓದುಗರ ಫೋನು ಅದನ್ನು ಅವರಿಗೆ ಓದಿ ಹೇಳುತ್ತದೆ. ಆ ಜಾಗವನ್ನು ಕೀವರ್ಡ್ ತುರುಕಲು ಬಳಸುವುದು ತಪ್ಪು.

ಇದೆಲ್ಲ ಫಲಿಸಿತೇ ಎಂದು ನೋಡಲು ನಿಮ್ಮ ಖಾತೆಯಿಂದಲೇ ಹುಡುಕಬೇಡಿ, ನೀವು ನೋಡುವುದನ್ನೆಲ್ಲ ಬಲ್ಲ ಯಂತ್ರ ನಿಮ್ಮದನ್ನೇ ಮುಂದೆ ತಂದಿಡುತ್ತದೆ. ನಿಮ್ಮನ್ನು ಫಾಲೋ ಮಾಡದ ಒಬ್ಬರ ಫೋನಿನಲ್ಲಿ, ಚೀಟಿಯಲ್ಲಿ ಬರೆದಿಟ್ಟ ಆ ಮೂರು ನಾಲ್ಕು ಹುಡುಕಾಟಗಳನ್ನು ಬೆರಳಾಡಿಸಿ ನೋಡಿ. ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳಲ್ಲದವರು ಎಷ್ಟು ಪಾಲು ನೋಡಿದ್ದಾರೆ, ಎಷ್ಟು ಜನ ಸೇವ್ ಮಾಡಿದ್ದಾರೆ ಎಂಬುದನ್ನು ಹಿಂದಿನ ಪೋಸ್ಟಿನೊಡನೆ ಹೋಲಿಸಿ. ಲೈಕುಗಳು ಇಲ್ಲಿ ಏನನ್ನೂ ಹೇಳವು, ಅವನ್ನು ಹೆಚ್ಚಾಗಿ ಒತ್ತುವವರು ಮೊದಲೇ ನಿಮ್ಮನ್ನು ಬಲ್ಲವರು. ಹುಡುಕಿಕೊಂಡು ಬಂದವರು ಸೇವ್ ಮಾಡುತ್ತಾರೆ. ಸಿಗದಿದ್ದರೆ ಅಡಿಬರಹವನ್ನು ತಿದ್ದಿ. ಪೋಸ್ಟ್ ಅಳಿಸಿ ಮತ್ತೆ ಹಾಕುವ ಅಗತ್ಯವಿಲ್ಲ.

ಸಿಗುವಂತೆ ಮಾಡುವುದಕ್ಕೂ ಒಂದು ಎಲ್ಲೆಯಿದೆ. ನಿಧಿಯಾಸೆಗೆ ಶಾಸನ, ವೀರಗಲ್ಲುಗಳನ್ನು ಕಿತ್ತು ಒಡೆಯುವವರು ನಮ್ಮ ನಾಡಿನಲ್ಲಿ ಇದ್ದಾರೆ. ಕಿತ್ತಯ್ಯನಿಗೆ ಮಂಟಪವಿದೆ, ಸುತ್ತ ಜನರಿದ್ದಾರೆ, ಅವನ ಜಾಗವನ್ನು ಖಚಿತವಾಗಿ ತಿಳಿಸಿ. ಯಲಹಂಕದ ಆಚೆ ಹೊಲದ ಬದುವಿನಲ್ಲಿ, ತೋಪಿನಲ್ಲಿ ಒಂಟಿಯಾಗಿ ನಿಂತ ಕಲ್ಲಿಗೆ ಊರು, ಹೋಬಳಿಯ ಹೆಸರಷ್ಟೇ ಸಾಕು. ನಕ್ಷೆಯ ಚುಕ್ಕಿ, ಸರ್ವೆ ನಂಬರು, ದಾರಿ ತೋರಿಸುವ ವಿಡಿಯೊ ಬೇಡ. ‘ನಿಧಿ’, `treasure` ಎಂಬ ಪದಗಳನ್ನು ಓದುಗರನ್ನು ಸೆಳೆಯಲೆಂದು ಎಂದಿಗೂ ಹಾಕಬೇಡಿ, ಆ ಪದ ಕರೆತರುವವರು ನಮಗೆ ಬೇಕಾದವರಲ್ಲ. ಖಚಿತ ಜಾಗ ಬೇಕಾದ ಸಂಶೋಧಕರು ನಿಮಗೆ ಸಂದೇಶ ಕಳಿಸಿ ಕೇಳುತ್ತಾರೆ.

ಕೊನೆಯದಾಗಿ ಒಂದು ಕೋರಿಕೆ. ನಾವು ಪ್ರತಿಯೊಬ್ಬರೂ ಒಂದೊಂದು ಹ್ಯಾಷ್‌ಟ್ಯಾಗ್ ಹುಟ್ಟಿಸುತ್ತ ಹೋದರೆ ಎಲ್ಲವೂ ಪಾಳು ಬೀಳುತ್ತವೆ. ಕಲ್ಲಿಗೊಂದು ಕಾಗುಣಿತವನ್ನು ಸೇರಿ ಒಪ್ಪಿಕೊಳ್ಳೋಣ. ಅಲ್ಲಿಯವರೆಗೆ ಈ ವಾರ ನಿಮ್ಮ ಖಾತೆಯ ಹಳೆಯ ಪೋಸ್ಟ್‌ಗಳಲ್ಲಿ ನಿಮಗೆ ಅತಿ ಪ್ರಿಯವಾದ ಒಂದನ್ನು ತೆರೆಯಿರಿ, ಅದರ ಮೊದಲ ಸಾಲನ್ನು ತಿದ್ದಿ ಕಲ್ಲಿನ ಹೆಸರು, ಊರು, ಕಾಲ ಬರೆಯಿರಿ.

ಇಂತಿ ನಿಮ್ಮ,
ಯಲಹಂಕದ ಒಬ್ಬ ಓದುಗ